ಪ್ರೋಟಾನ್‌ಗಿಂತ ಚಿಕ್ಕ ಅಲುಗಾಟವನ್ನು ಲೈಗೋ ಹಿಡಿದದ್ದು ಹೇಗೆ?

ಪ್ರಶ್ನೆ: ಎರಡು ಕಪ್ಪುಕುಳಿಗಳು ಸೇರಿಕೊಂಡಾಗ ಬರೋ ಗುರುತ್ವದ ಅಲೆಯಿಂದ 4 ಕಿ.ಮೀ. ಉದ್ದದ ಕೊಳವೆಯಲ್ಲಿ ಪ್ರೋಟಾನ್‌ಗಿಂತಲೂ ಕಡಿಮೆ ವ್ಯತ್ಯಾಸ ಆಗುತ್ತೆ ಅಂತ ಓದಿದೆ. ಜಾಗವೇ ಹಿಗ್ಗಿದರೆ ಒಳಗಿರೋ ಬೆಳಕೂ ಹಿಗ್ಗಬೇಕಲ್ವಾ? ಹಾಗಾದ್ರೆ ಅಳೆಯೋದು ಹೇಗೆ? ಅದು ಕಪ್ಪುಕುಳಿಯದ್ದೇ, ಪಕ್ಕದ ರಸ್ತೆಯಲ್ಲಿ ಹೋದ ಲಾರಿಯದ್ದಲ್ಲ ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ: ಹೌದು, ಹಿಗ್ಗುತ್ತದೆ. ಅಲೆ ಹಾದುಹೋಗುವಾಗ ಕೊಳವೆಯೊಳಗೆ ಇರುವ ಬೆಳಕು ಜಾಗದ ಜೊತೆಗೇ ಹಿಗ್ಗುತ್ತದೆ. ಆದರೂ ಅಳತೆ ಕೆಡುವುದಿಲ್ಲ. ಯಾಕೆ ಅಂತ ಹೇಳುವ ಮುಂಚೆ ಆ ಯಂತ್ರ ಏನು ಮಾಡುತ್ತದೆ ಅನ್ನುವುದನ್ನು ನೋಡೋಣ. ಉದಾಹರಣೆಗೆ ಮೊಟ್ಟಮೊದಲು ಸಿಕ್ಕ ಅಲೆಯನ್ನೇ ತೆಗೆದುಕೊಳ್ಳುತ್ತೇನೆ. ಅದು ಬಂದದ್ದು 2015ರ ಸೆಪ್ಟೆಂಬರ್ 14ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ 45 ಸೆಕೆಂಡಿಗೆ. ಅದರ ಹೆಸರು GW150914. ಹೆಸರಲ್ಲಿ ಇರುವುದು ಬರೀ ತಾರೀಖು.

ಅವತ್ತು ಕೆಲಸ ಮಾಡುತ್ತಿದ್ದದ್ದು ಗುರುತ್ವದ ಅಲೆ ಹಿಡಿಯಲೆಂದೇ ಕಟ್ಟಿದ ಅಮೆರಿಕದ ಎರಡು ಲೈಗೋ ಯಂತ್ರಗಳು. ಒಂದು ಲೂಸಿಯಾನಾ ರಾಜ್ಯದ ಲಿವಿಂಗ್‌ಸ್ಟನ್‌ನಲ್ಲಿ, ಇನ್ನೊಂದು ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ. ನಡುವೆ ನೇರವಾಗಿ ಅಳೆದರೆ ಸುಮಾರು 3,000 ಕಿ.ಮೀ. ಎರಡೂ ಇಂಗ್ಲಿಷ್‌ನ ಎಲ್ ಅಕ್ಷರದ ಆಕಾರದಲ್ಲಿವೆ. ಒಂದೊಂದು ತೋಳೂ 4 ಕಿ.ಮೀ. ಉದ್ದ, ಒಳಗೆ ಗಾಳಿ ಇಲ್ಲ. ಮೂಲೆಯಲ್ಲಿ ಒಂದು ಲೇಸರ್. ಅದರ ಬೆಳಕು ಕಣ್ಣಿಗೆ ಕಾಣದ ಅವಕೆಂಪು, ತರಂಗಾಂತರ 1064 ನ್ಯಾನೋಮೀಟರ್. ಆ ಬೆಳಕನ್ನು ಅರೆಪಾರದರ್ಶಕ ಕನ್ನಡಿಯೊಂದು ಎರಡು ಪಾಲು ಮಾಡಿ ಎರಡು ತೋಳಿಗೂ ಕಳಿಸುತ್ತದೆ. ತುದಿಯ ಕನ್ನಡಿಗಳಿಗೆ ಬಡಿದು ಎರಡೂ ಪಾಲು ವಾಪಸ್ ಬಂದು ಮೂಲೆಯಲ್ಲಿ ಸೇರುತ್ತವೆ.

ಸೇರುವಾಗ ಒಂದರ ಏರು ಇನ್ನೊಂದರ ತಗ್ಗಿನ ಮೇಲೆ ಬೀಳುವ ಹಾಗೆ ತೋಳುಗಳ ಉದ್ದವನ್ನು ಹೊಂದಿಸಿರುತ್ತಾರೆ. ಆಗ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಬೆಳಕು ಅಳೆಯುವ ಸಾಧನದ ಕಡೆ ಹೆಚ್ಚುಕಡಿಮೆ ಕತ್ತಲೆ. ಒಂದು ತೋಳು ಚೂರು ಉದ್ದವಾಗಿ ಇನ್ನೊಂದು ಚೂರು ಗಿಡ್ಡವಾದರೆ ಈ ಹೊಂದಾಣಿಕೆ ತಪ್ಪುತ್ತದೆ, ಸಾಧನಕ್ಕೆ ಬೀಳುವ ಬೆಳಕು ಏರಿಳಿಯುತ್ತದೆ. ಗುರುತ್ವದ ಅಲೆ ಮಾಡುವುದೂ ಇದನ್ನೇ: ಒಂದು ದಿಕ್ಕಿನಲ್ಲಿ ಹಿಗ್ಗಿಸುತ್ತದೆ, ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಕುಗ್ಗಿಸುತ್ತದೆ. ಅರ್ಧ ಸುತ್ತು ಕಳೆದ ಮೇಲೆ ಅದೇ ಆಟ ತಿರುಗಿಸಿ ನಡೆಯುತ್ತದೆ. ಎಲ್ ಆಕಾರ ಬಂದದ್ದೇ ಇದಕ್ಕೋಸ್ಕರ.

ಈಗ ನಿಮ್ಮ ಸಂಶಯ. ಅಳೆಯುವ ಕೋಲೂ ಜಾಗದ ಜೊತೆ ಹಿಗ್ಗಿದರೆ ಅಳತೆ ಎಲ್ಲಿ ಉಳಿಯಿತು ಅನ್ನುವುದು ತಾನೇ ನಿಮ್ಮ ಪ್ರಶ್ನೆ? ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಇಲ್ಲಿ ತರಂಗಾಂತರವನ್ನು ಕೋಲಿನ ಹಾಗೆ ಇಟ್ಟು ಎಷ್ಟು ಸಲ ಹಿಡಿಯಿತು ಅಂತ ಎಣಿಸುವುದಿಲ್ಲ. ಬೆಳಕಿನ ಏರುಗಳು ಎಷ್ಟು ಹೊತ್ತಿಗೆ ವಾಪಸ್ ಬಂದವು ಅನ್ನುವುದನ್ನು ನೋಡುತ್ತಾರೆ. ಲೇಸರ್ ಒಂದು ಗಡಿಯಾರ. ಅದು ತನ್ನ ತಾಳಕ್ಕೆ ಏರಿನ ಹಿಂದೆ ಏರು ಕಳಿಸುತ್ತಲೇ ಇರುತ್ತದೆ. ಅಲೆ ಬಂದಾಗ ತೋಳಿನೊಳಗೆ ಇದ್ದ ಹಳೆಯ ಬೆಳಕು ಹಿಗ್ಗಿದ್ದು ನಿಜ. ಆದರೆ 4 ಕಿ.ಮೀ. ಹೋಗಿ ಬರಲು ಬೆಳಕಿಗೆ ಬೇಕಾಗುವುದು ಒಂದು ಸೆಕೆಂಡಿನ 10 ಲಕ್ಷ ಭಾಗದಲ್ಲಿ 27 ಭಾಗ ಮಾತ್ರ. ಗುರುತ್ವದ ಅಲೆಯ ಒಂದು ಸುತ್ತಿಗೆ ಅದರ ನೂರಾರು ಪಟ್ಟು ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ಹಳೆಯ ಬೆಳಕು ಹೊರಗೆ ಹೋಗಿ ಹೊಸದು ಬಂದಿರುತ್ತದೆ. ಹೊಸ ಬೆಳಕು ಲೇಸರ್‌ನಿಂದ ಎಂದಿನ ತರಂಗಾಂತರದಲ್ಲೇ ಹೊರಟಿದೆ, ಎಂದಿನ ವೇಗದಲ್ಲೇ ಹೋಗುತ್ತದೆ. ಅದು ಕ್ರಮಿಸಬೇಕಾದ ದಾರಿ ಮಾತ್ರ ಒಂದು ತೋಳಿನಲ್ಲಿ ಉದ್ದವಾಗಿದೆ, ಇನ್ನೊಂದರಲ್ಲಿ ಗಿಡ್ಡವಾಗಿದೆ. ಹಾಗಾಗಿ ಒಂದು ತೋಳಿನ ಏರುಗಳು ತಡವಾಗಿ ಬರುತ್ತವೆ, ಇನ್ನೊಂದರವು ಬೇಗ ಬರುತ್ತವೆ. ಈ ಹೊತ್ತಿನ ವ್ಯತ್ಯಾಸವೇ ಸಿಗ್ನಲ್.

ಇದಕ್ಕೆ ಒಂದು ಷರತ್ತು ಇದೆ. ಕನ್ನಡಿಗಳು ಸ್ವತಂತ್ರವಾಗಿ ಓಲಾಡುವ ಹಾಗಿರಬೇಕು. ಕಬ್ಬಿಣದ ಸಲಾಕೆಯ ಎರಡು ತುದಿಗೆ ಕನ್ನಡಿ ಬಿಗಿದರೆ ಆಗದು. ಸಲಾಕೆಯ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಅಲೆ ಎಳೆದರೂ ಆ ಹಿಡಿತ ಕನ್ನಡಿಗಳನ್ನು ಹೆಚ್ಚುಕಡಿಮೆ ಇದ್ದಲ್ಲೇ ಇಡುತ್ತದೆ. ಅದಕ್ಕೇ ಲೈಗೋ ಕನ್ನಡಿಗಳನ್ನು ಲೋಲಕದ ಹಾಗೆ ನೇತುಹಾಕಿದ್ದಾರೆ. ಉದ್ದುದ್ದಕ್ಕೆ ಅಲುಗಾಡುವ ಮಟ್ಟಿಗೆ ಅವು ಬಿಡುಬಿಡಾಗಿ ತೇಲುತ್ತಿರುವ ವಸ್ತುಗಳಿಗೆ ಸಮ.

ಇನ್ನು ಅಳತೆಯ ಗಾತ್ರ. GW150914 ಜೋರಾಗಿದ್ದ ಕ್ಷಣದಲ್ಲಿ ಉದ್ದದ ವ್ಯತ್ಯಾಸ 10⁻²¹ ಪಾಲು ಇತ್ತು. 4 ಕಿ.ಮೀ.ಗೆ ಅದನ್ನು ಗುಣಿಸಿದರೆ ಎರಡು ತೋಳಿನ ನಡುವಿನ ವ್ಯತ್ಯಾಸ 4×10⁻¹⁸ ಮೀಟರ್. ಪ್ರೋಟಾನಿನ ಅಡ್ಡಗಲವನ್ನು 400 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಳೆಯಲು ಬಳಸುವ ಬೆಳಕಿನ ತರಂಗಾಂತರವೋ ಒಂದು ಮೈಕ್ರಾನ್! ಇದು ಹೇಗೆ ಸಾಧ್ಯ ಅನ್ನುವುದನ್ನು ಕೈಯಲ್ಲೇ ಲೆಕ್ಕ ಹಾಕಬಹುದು.

ಬೆಳಕು ಫೋಟಾನುಗಳಾಗಿ ಬರುತ್ತದೆ. ಫೋಟಾನುಗಳು ಒಂದೇ ಸಮನೆ ಬರುವುದಿಲ್ಲ, ಒಂದಿಷ್ಟು ಹೆಚ್ಚು ಒಂದಿಷ್ಟು ಕಡಿಮೆ ಬರುತ್ತಿರುತ್ತವೆ. N ಫೋಟಾನು ಎಣಿಸಿದರೆ ಎಣಿಕೆಯಲ್ಲಿ ವರ್ಗಮೂಲ N ಅಷ್ಟು ಏರುಪೇರು ಇದ್ದೇ ಇರುತ್ತದೆ. ಹೆಚ್ಚು ಫೋಟಾನು ಎಣಿಸಿದಷ್ಟೂ ಈ ಏರುಪೇರಿನ ಪಾಲು ಕಡಿಮೆ. 2015ರಲ್ಲಿ ಲೈಗೋಗೆ ಲೇಸರ್‌ನಿಂದ ಹೋಗುತ್ತಿದ್ದದ್ದು 20 ವ್ಯಾಟ್ ಮಾತ್ರ. ಆದರೆ ಲೇಸರ್ ಕಡೆಗೆ ವಾಪಸ್ ಬರುವ ಬೆಳಕನ್ನು ಇನ್ನೊಂದು ಕನ್ನಡಿ ಮತ್ತೆ ಒಳಕ್ಕೆ ತಳ್ಳುತ್ತದೆ. ಹೀಗೆ ಕೂಡುತ್ತಾ ಹೋಗಿ ಬೆಳಕು ಪಾಲಾಗುವ ಜಾಗದಲ್ಲಿ 700 ವ್ಯಾಟ್ ಆಗುತ್ತಿತ್ತು. ಈ ಬೆಳಕಿನ ಒಂದು ಫೋಟಾನಿನಲ್ಲಿ 1.87×10⁻¹⁹ ಜೂಲ್ ಶಕ್ತಿ. ಅಂದರೆ ಸೆಕೆಂಡಿಗೆ ಸುಮಾರು 3.7×10²¹ ಫೋಟಾನು. ಅಲೆಯ ಒಂದು ಸುತ್ತು ಸುಮಾರು 1/100 ಸೆಕೆಂಡು ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಸಿಗುವುದು 3.7×10¹⁹ ಫೋಟಾನು, ಅದರ ವರ್ಗಮೂಲ ಸುಮಾರು 600 ಕೋಟಿ. ಏರು ಎಲ್ಲಿ ಬಿತ್ತು ಅನ್ನುವುದನ್ನು ಒಂದು ರೇಡಿಯನ್ನಿನ 600 ಕೋಟಿ ಪಾಲಿನಲ್ಲಿ ಒಂದು ಪಾಲಿನಷ್ಟು ನಿಖರವಾಗಿ ಹೇಳಬಹುದು ಅಂತ ಇದರ ಅರ್ಥ. ಈ ಬೆಳಕಿಗೆ ಒಂದು ರೇಡಿಯನ್ ಅಂದರೆ ತೋಳಿನ ಉದ್ದದಲ್ಲಿ 85 ನ್ಯಾನೋಮೀಟರ್. ಭಾಗಿಸಿದರೆ 1.4×10⁻¹⁷ ಮೀಟರ್. ಬೇಕಾದದ್ದು 4×10⁻¹⁸. ಇನ್ನೂ ಸಾಲದು.

ಅದಕ್ಕೇ ಪ್ರತಿ ತೋಳಿನಲ್ಲೂ ಎರಡೆರಡು ಕನ್ನಡಿ. ತುದಿಯಲ್ಲೊಂದು, ಮೂಲೆಯ ಹತ್ತಿರ ಇನ್ನೊಂದು. ಬೆಳಕು ಅವುಗಳ ನಡುವೆ ಸಿಕ್ಕಿಕೊಂಡು ಮತ್ತೆ ಮತ್ತೆ ಓಡಾಡುತ್ತದೆ. ಅಲೆ ಬೆಳಕಿನ ಮೇಲೆ ಮಾಡುವ ಪರಿಣಾಮ ಇದರಿಂದ ಸುಮಾರು 300 ಪಟ್ಟು ದೊಡ್ಡದಾಗುತ್ತದೆ. ಮೇಲಿನ ಸಂಖ್ಯೆಯನ್ನು 300ರಿಂದ ಭಾಗಿಸಿ, 5×10⁻²⁰ ಮೀಟರ್ ಹತ್ತಿರ ಬರುತ್ತದೆ. ಸಿಗ್ನಲ್ ಅದಕ್ಕಿಂತ 80 ಪಟ್ಟು ದೊಡ್ಡದು. ಇದು ಫೋಟಾನಿನ ಏರುಪೇರು ಬಿಟ್ಟರೆ ಬೇರೆ ಯಾವ ಗದ್ದಲವೂ ಇಲ್ಲ ಅಂದುಕೊಂಡು ಮಾಡಿದ ಲೆಕ್ಕ, ನಿಜವಾದ ಯಂತ್ರ ಇಷ್ಟು ಚೆನ್ನಾಗಿ ಅಳೆಯುವುದಿಲ್ಲ. ಆದರೆ ಬೆಳಕಿನ ತರಂಗಾಂತರ ಅಡ್ಡಿಯೇ ಅಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಹಾಗಾದರೆ 300ರ ಬದಲು 30,000 ಪಟ್ಟು ಯಾಕೆ ಮಾಡಬಾರದು? ಬೆಳಕು ತೋಳಿನೊಳಗೆ ತುಂಬಾ ಹೊತ್ತು ಉಳಿದರೆ ಅಷ್ಟರಲ್ಲಿ ಅಲೆ ಹಿಗ್ಗಿಸುವುದು ಬಿಟ್ಟು ಕುಗ್ಗಿಸಲು ಶುರು ಮಾಡಿರುತ್ತದೆ. ಮೊದಲು ಸಿಕ್ಕ ತಡ ಆಮೇಲೆ ಅಳಿಸಿಹೋಗುತ್ತದೆ. ಹಳೆಯ ಬೆಳಕು ಹೊರಗೆ ಹೋಗಿ ಹೊಸದು ಬರಬೇಕು ಅಂದೆನಲ್ಲ, ಅದೇ ಮಾತು ಇಲ್ಲಿ ಮಿತಿಯಾಗಿ ಬರುತ್ತದೆ. ಅಲೆ ಜಾಸ್ತಿ ವೇಗವಾಗಿ ಕಂಪಿಸಿದಷ್ಟೂ ಈ ತೊಂದರೆ ಜಾಸ್ತಿ. ಹೊರಗೆ ಬರುವ ದಾರಿಯಲ್ಲಿ ಮತ್ತೊಂದು ಕನ್ನಡಿ ಇಟ್ಟು ಸಿಗ್ನಲ್ ತೋಳಿನಲ್ಲಿ ಎಷ್ಟು ಹೊತ್ತು ಉಳಿಯಬೇಕು ಅನ್ನುವುದನ್ನು ಬೇರೆಯಾಗಿ ಹೊಂದಿಸುತ್ತಾರೆ.

ಇಲ್ಲಿ ಇನ್ನೊಂದು ಪ್ರಶ್ನೆ ಏಳಬೇಕು. ಕನ್ನಡಿಯೂ ಅಣುಗಳಿಂದಲೇ ಆದದ್ದು. ಆ ಅಣುಗಳು ಶಾಖಕ್ಕೆ ಸದಾ ನಡುಗುತ್ತಿರುತ್ತವೆ, ಆ ನಡುಕ ನಾವು ಹುಡುಕುವ ಅಲುಗಾಟಕ್ಕಿಂತ ಲಕ್ಷಾಂತರ ಪಟ್ಟು ದೊಡ್ಡದು. ಹಾಗಿದ್ದ ಮೇಲೆ ಕನ್ನಡಿಯ ಮುಖ ಇಂಥ ಜಾಗದಲ್ಲಿದೆ ಅನ್ನುವುದಕ್ಕೆ ಅರ್ಥ ಏನು? ಇಡೀ ಯಂತ್ರದಲ್ಲಿ ನನಗೆ ತುಂಬಾ ಹಿಡಿಸುವ ವಿಷಯ ಇದು. ಲೇಸರ್ ಕಿರಣ ಕನ್ನಡಿಗೆ ಒಂದು ಚುಕ್ಕೆಯಾಗಿ ಬೀಳುವುದಿಲ್ಲ. ಸುಮಾರು 6 ಸೆಂ.ಮೀ. ತ್ರಿಜ್ಯದ ದೊಡ್ಡ ವೃತ್ತವಾಗಿ ಬೀಳುತ್ತದೆ. ಅದರ ಕೆಳಗೆ ಎಣಿಸಲಾಗದಷ್ಟು ಅಣುಗಳಿವೆ. ಒಂದು ಮುಂದೆ ಹೋದರೆ ಇನ್ನೊಂದು ಹಿಂದೆ. ಬೆಳಕು ನೋಡುವುದು ಅವೆಲ್ಲದರ ಸರಾಸರಿಯನ್ನು. ಜೊತೆಗೆ ಅಣುಗಳ ನಡುಕದ ಬಹುಪಾಲು ನಾವು ಕೇಳಿಸಿಕೊಳ್ಳುವ ಆವರ್ತನಗಳಿಗಿಂತ ತುಂಬಾ ಮೇಲೆ ನಡೆಯುತ್ತದೆ. ಆದರೂ ಅಷ್ಟಿಷ್ಟು ಉಳಿಯುತ್ತದೆ. ಕನ್ನಡಿಯ ಮೇಲಿನ ತೆಳು ಲೇಪನದ ಶಾಖದ ಕಂಪನ ಲೈಗೋಗೆ ಇವತ್ತಿಗೂ ದೊಡ್ಡ ತಲೆನೋವು. ಒಳ್ಳೆಯ ಲೇಪನ ಹುಡುಕುವುದಕ್ಕೇ ಜನ ವರ್ಷಗಟ್ಟಲೆ ಕೂತಿದ್ದಾರೆ.

ನೆಲದ ಅಲುಗಾಟದ ವಿಷಯಕ್ಕೆ ಬರೋಣ, ನಿಮ್ಮ ಲಾರಿ ಇರುವುದು ಅಲ್ಲೇ. ಒಂದೊಂದು ಕನ್ನಡಿಯೂ 40 ಕೆ.ಜಿ. ತೂಕದ, 34 ಸೆಂ.ಮೀ. ಅಗಲದ ಶುದ್ಧ ಸಿಲಿಕಾ ಗಾಜಿನ ಗುಂಡು ಬಿಲ್ಲೆ. ಅದನ್ನು 0.4 ಮಿ.ಮೀ. ದಪ್ಪದ ಗಾಜಿನ ಎಳೆಗಳಲ್ಲಿ ನೇತುಹಾಕಿದ್ದಾರೆ. ಅದರ ಮೇಲೆ ಇನ್ನೊಂದು ತೂಕ, ಅದರ ಮೇಲೆ ಮತ್ತೊಂದು, ಒಟ್ಟು ನಾಲ್ಕು ಹಂತದ ಲೋಲಕ. ಇಡೀ ಲೋಲಕವನ್ನು ಹೊತ್ತಿರುವ ವೇದಿಕೆ ನೆಲದ ಅಲುಗಾಟವನ್ನು ಅಳೆದು ಅದಕ್ಕೆ ವಿರುದ್ಧವಾಗಿ ತಾನೇ ಅಲುಗುತ್ತದೆ. ಲೋಲಕದ ಗುಣ ನಿಮಗೆ ಗೊತ್ತಿರಬೇಕು. ದಾರದ ತುದಿಗೆ ಕಲ್ಲು ಕಟ್ಟಿ ಹಿಡಿದು ಕೈಯನ್ನು ನಿಧಾನಕ್ಕೆ ಆಡಿಸಿದರೆ ಕಲ್ಲು ಜೊತೆಗೆ ಬರುತ್ತದೆ, ಬೇಗಬೇಗ ನಡುಗಿಸಿದರೆ ಕಲ್ಲು ಇದ್ದಲ್ಲೇ ಇರುತ್ತದೆ. ಪ್ರತಿ ಹಂತದಲ್ಲೂ ನಡುಕ ಹೀಗೆ ಸೋಸಿಹೋಗುತ್ತದೆ. ಎಲ್ಲ ಸೇರಿ 10 ಹರ್ಟ್ಸ್‌ಗಿಂತ ಮೇಲಿನ ನಡುಕ ಸಾವಿರ ಕೋಟಿ ಪಾಲಿನಲ್ಲಿ ಒಂದು ಪಾಲಿಗೂ ಕಡಿಮೆಯಾಗಿ ಕನ್ನಡಿಗೆ ತಲುಪುತ್ತದೆ. 10 ಹರ್ಟ್ಸ್‌ಗಿಂತ ಕೆಳಗೆ ಈ ಸೋಸುವಿಕೆ ಸಾಲದು. ಕಡಲ ಅಲೆಗಳು ಭೂಮಿಗೆ ಬಡಿದು ಹುಟ್ಟಿಸುವ ನಿಧಾನದ ಕಂಪನ ಅಲ್ಲಿದೆ, ಅದನ್ನು ಯಾರೂ ನಿಲ್ಲಿಸಲಾರರು. ನೆಲದ ಮೇಲಿನ ಯಂತ್ರಗಳು 10 ಹರ್ಟ್ಸ್‌ಗಿಂತ ಕೆಳಗಿನ ಆವರ್ತನದ ಅಲೆಗಳಿಗೆ ಕಿವುಡು.

ಇಷ್ಟಾದರೂ ಯಂತ್ರ ಮೌನವಾಗಿರುವುದಿಲ್ಲ. ಅದರ ದಾಖಲೆಯಲ್ಲಿ ಏನೇನೋ ಸದ್ದುಗಳು ಇಣುಕುತ್ತಲೇ ಇರುತ್ತವೆ. ಅಮೆರಿಕದ ವಿದ್ಯುತ್ ಜಾಲದ 60 ಹರ್ಟ್ಸ್ ಗುಂಯ್‌ಗುಡುವಿಕೆ, ಗಾಜಿನ ಎಳೆಗಳು ವೀಣೆಯ ತಂತಿಯ ಹಾಗೆ 500 ಹರ್ಟ್ಸ್ ಹತ್ತಿರ ಮಿಡಿಯುವುದು, ಇವು ಯಾವಾಗಲೂ ಇರುವಂಥವು. ಜಾಗ ಗೊತ್ತಿರುವುದರಿಂದ ತೆಗೆದುಹಾಕುವುದು ಸುಲಭ. ಕಷ್ಟ ಇರುವುದು ಒಂದು ಕ್ಷಣ ಬಂದು ಹೋಗುವ ಸದ್ದುಗಳಲ್ಲಿ. 2017ರಲ್ಲಿ ಹ್ಯಾನ್‌ಫರ್ಡ್‌ನಲ್ಲಿ ಅಂಥದ್ದೊಂದು ಮತ್ತೆ ಮತ್ತೆ ಕಾಣಿಸಿಕೊಂಡಿತು. ಅದೇ ಹೊತ್ತಿಗೆ ಅಲ್ಲಿದ್ದ ಮೈಕ್ರೋಫೋನುಗಳಲ್ಲೂ ಟಕ್‌ಟಕ್ ಸದ್ದು. ಹೋಗಿ ನೋಡಿದರೆ ದ್ರವ ಸಾರಜನಕ ಹರಿಯುವ ಕೊಳವೆಯ ಮೇಲೆ ಕಟ್ಟಿದ್ದ ಮಂಜುಗಡ್ಡೆಯಲ್ಲಿ ಕೊಕ್ಕಿನ ಗುರುತು. ರೇವನ್ ಅನ್ನುವ ದೊಡ್ಡ ಜಾತಿಯ ಕಾಗೆಗಳು ಬಾಯಾರಿ ಬಂದು ಆ ಮಂಜುಗಡ್ಡೆ ಕುಕ್ಕುತ್ತಿದ್ದವು.

ಕಾಗೆ ಸಿಕ್ಕಿಬಿದ್ದದ್ದು ಮೈಕ್ರೋಫೋನಿನಿಂದ ಅನ್ನುವುದನ್ನು ನೋಡಿ. ಲೈಗೋ ಸುತ್ತ ಭೂಕಂಪ ಅಳೆಯುವ, ಸದ್ದು ಕೇಳುವ, ಕಾಂತಕ್ಷೇತ್ರ ಅಳೆಯುವ ಸಾಧನಗಳು ತುಂಬಿವೆ. ಇವುಗಳಿಗೆ ಗುರುತ್ವದ ಅಲೆ ಗೊತ್ತಾಗುವುದಿಲ್ಲ. ಲಾರಿ, ಗಾಳಿ, ಸಿಡಿಲು ಗೊತ್ತಾಗುತ್ತದೆ. ಕನ್ನಡಿ ಅಲುಗಿದ ಕ್ಷಣದಲ್ಲೇ ಇವುಗಳಲ್ಲಿ ಯಾವುದಾದರೂ ಮಿಸುಕಿದರೆ ಆ ಸಿಗ್ನಲ್ ಮೇಲೆ ಅನುಮಾನ ಬೀಳುತ್ತದೆ.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಎರಡನೇ ಯಂತ್ರ. GW150914 ಮೊದಲು ಲಿವಿಂಗ್‌ಸ್ಟನ್ ತಲುಪಿತು. 6.9 ಮಿಲಿಸೆಕೆಂಡ್ ಆದ ಮೇಲೆ ಹ್ಯಾನ್‌ಫರ್ಡ್‌ನಲ್ಲೂ ಅದೇ ಆಕಾರ ಕಾಣಿಸಿತು. ಎರಡು ಯಂತ್ರಗಳ ತೋಳುಗಳು ನಿಂತಿರುವ ದಿಕ್ಕು ಬೇರೆ ಆದ್ದರಿಂದ ಹ್ಯಾನ್‌ಫರ್ಡ್‌ನದು ತಲೆಕೆಳಗಾಗಿತ್ತು. ಅದನ್ನು ತಿರುಗಿಸಿ 6.9 ಮಿಲಿಸೆಕೆಂಡ್ ಸರಿಸಿ ಇಟ್ಟರೆ ಎರಡು ಗೆರೆಗಳೂ ಒಂದರ ಮೇಲೊಂದು ಕೂರುತ್ತವೆ. ಬೆಳಕು ಈ 3,000 ಕಿ.ಮೀ. ದಾಟಲು 10 ಮಿಲಿಸೆಕೆಂಡ್ ಬೇಕು. ಗುರುತ್ವದ ಅಲೆಯೂ ಬೆಳಕಿನ ವೇಗದಲ್ಲೇ ಹೋಗುತ್ತದೆ, ಹಾಗಾಗಿ ವ್ಯತ್ಯಾಸ 10ಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಲಾರಿಯ ನಡುಕ ನೆಲದೊಳಗೆ ಸೆಕೆಂಡಿಗೆ ಕೆಲವೇ ಕಿಲೋಮೀಟರ್ ಹೋಗುತ್ತದೆ. ದಾರಿಯಲ್ಲಿ ಸಾಯದೆ ಉಳಿದರೂ ಲಿವಿಂಗ್‌ಸ್ಟನ್‌ನಿಂದ ಹ್ಯಾನ್‌ಫರ್ಡ್ ತಲುಪಲು ಅದಕ್ಕೆ ಹಲವು ನಿಮಿಷ ಬೇಕು. ಅಷ್ಟು ದೂರದ ಎರಡು ಜಾಗವನ್ನು 10 ಮಿಲಿಸೆಕೆಂಡಿನೊಳಗೆ ತಟ್ಟಬಲ್ಲ ಭೂಮಿಯ ಮೇಲಿನ ಸಂಗತಿ ಅಂದರೆ ಸಿಡಿಲಿನಂಥ ವಿದ್ಯುತ್‌ಕಾಂತೀಯ ಹೊಡೆತ. ಅದೇ ಸೆಕೆಂಡಿನಲ್ಲಿ ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ ಭಾರಿ ಸಿಡಿಲೊಂದು ಬಡಿದಿತ್ತು ಕೂಡ. ಅದನ್ನೂ ಬಿಡಲಿಲ್ಲ. ಲೈಗೋದ ಕಾಂತಮಾಪಕಗಳ ದಾಖಲೆ ತೆಗೆದು ನೋಡಿದರು. ಕನ್ನಡಿಯನ್ನು ಅಷ್ಟು ಅಲುಗಿಸಲು ಆ ಕಾಂತಕ್ಷೇತ್ರ ಏನೇನೂ ಸಾಲದು ಅಂತ ತೀರ್ಮಾನವಾಯಿತು.

ಎರಡೂ ಕಡೆ ಎರಡು ಬೇರೆ ಬೇರೆ ಗದ್ದಲ ಆಕಸ್ಮಿಕವಾಗಿ ಒಂದೇ ಹೊತ್ತಿಗೆ ಬಂದಿದ್ದರೆ? ಇದಕ್ಕೆ ಒಂದು ಒಳ್ಳೆಯ ಉಪಾಯ ಇದೆ. ಒಂದು ಯಂತ್ರದ ದಾಖಲೆಯನ್ನು ಇನ್ನೊಂದಕ್ಕಿಂತ 10 ಮಿಲಿಸೆಕೆಂಡಿಗಿಂತ ಜಾಸ್ತಿ ಸರಿಸಿಬಿಡುತ್ತಾರೆ. ಹಾಗೆ ಸರಿಸಿದ ಮೇಲೆ ಕಾಣುವ ಯಾವ ಹೊಂದಾಣಿಕೆಯೂ ನಿಜವಾದ ಅಲೆ ಆಗಿರಲು ಸಾಧ್ಯವಿಲ್ಲ, ಎಲ್ಲವೂ ಆಕಸ್ಮಿಕ. ಬೇರೆ ಬೇರೆ ಅಂತರದಲ್ಲಿ ಸುಮಾರು ಒಂದು ಕೋಟಿ ಸಲ ಸರಿಸಿ ನೋಡಿದರೆ, 16 ದಿನದ ದಾಖಲೆಯಿಂದಲೇ ಲಕ್ಷಾಂತರ ವರ್ಷದ ಆಕಸ್ಮಿಕಗಳ ಲೆಕ್ಕ ಸಿಗುತ್ತದೆ. ಅಷ್ಟರಲ್ಲೂ GW150914 ಅಷ್ಟು ಜೋರಾದದ್ದು ಒಂದೂ ಬರಲಿಲ್ಲ. ಇಂಥ ಆಕಸ್ಮಿಕ 2 ಲಕ್ಷ ವರ್ಷಕ್ಕೆ ಒಂದಕ್ಕಿಂತಲೂ ಅಪರೂಪ ಅಂತ ಅವರು ಹೇಳಿದ್ದು ಈ ಲೆಕ್ಕದಿಂದ.

ಹೊರಗಿನಿಂದ ಬಂದ ಅಲೆ ಅನ್ನುವುದೇನೋ ಸರಿ. ಕಪ್ಪುಕುಳಿಯದ್ದು ಅಂತ ಹೇಗೆ ಹೇಳುವುದು? ಅಲೆಯ ಆಕಾರವೇ ಹೇಳುತ್ತದೆ. ಎರಡು ವಸ್ತುಗಳು ಒಂದನ್ನೊಂದು ಸುತ್ತುವಾಗ ಅಲೆಯಾಗಿ ಶಕ್ತಿ ಕಳೆದುಕೊಳ್ಳುತ್ತವೆ, ಹತ್ತಿರ ಬರುತ್ತವೆ, ಇನ್ನೂ ಬೇಗ ಸುತ್ತುತ್ತವೆ. ಒಂದು ಸುತ್ತಿಗೆ ಎರಡು ಅಲೆ. ಹಾಗಾಗಿ ಅಲೆಯ ಆವರ್ತನ ಏರುತ್ತಾ ಹೋಗುತ್ತದೆ. GW150914 ಸುಮಾರು 0.2 ಸೆಕೆಂಡಿನಲ್ಲಿ 35 ಹರ್ಟ್ಸ್‌ನಿಂದ 250 ಹರ್ಟ್ಸ್‌ಗೆ ಏರಿತು. ಎಷ್ಟು ಬೇಗ ಏರುತ್ತದೆ ಅನ್ನುವುದು ಆ ವಸ್ತುಗಳ ತೂಕಗಳು ಸೇರಿ ಆಗುವ ಒಂದೇ ಒಂದು ಸಂಖ್ಯೆಯ ಮೇಲೆ ನಿಂತಿದೆ. ಅದನ್ನು M ಅನ್ನೋಣ. ಆವರ್ತನ f ಇರುವಾಗ ಎರಡೂ ಸೇರಿಹೋಗಲು ಉಳಿದಿರುವ ಸಮಯ ಸರಿಸುಮಾರು ಹೀಗೆ:

```
t = (5/256) · (G·M/c³)^(-5/3) · (π·f)^(-8/3)
```

ಇದರಲ್ಲಿ G ಅಂದರೆ ಗುರುತ್ವ ಸ್ಥಿರಾಂಕ, c ಅಂದರೆ ಬೆಳಕಿನ ವೇಗ. M ಜಾಗಕ್ಕೆ ಸೂರ್ಯನ 30 ಪಟ್ಟು ತೂಕ ಹಾಕಿ. f ಅಂದರೆ 35 ಹರ್ಟ್ಸ್. ಉತ್ತರ 0.17 ಸೆಕೆಂಡು. f ಎರಡು ಪಟ್ಟು, ಅಂದರೆ 70 ಹರ್ಟ್ಸ್, ಆದಾಗ ಉಳಿಯುವುದು 0.027 ಸೆಕೆಂಡು. ದಾಖಲೆಯಲ್ಲಿ ಕಂಡ ಓಟ ಇದೇ. ಈಗ M ಜಾಗಕ್ಕೆ 1.2 ಹಾಕಿ ನೋಡಿ, ಅದು ಎರಡು ನ್ಯೂಟ್ರಾನ್ ನಕ್ಷತ್ರಗಳ ಲೆಕ್ಕ. 35 ಹರ್ಟ್ಸ್‌ನಿಂದ ಕೊನೆಯವರೆಗೆ 36 ಸೆಕೆಂಡು ಬೇಕು. 2015ರ ಅಲೆ ಅಷ್ಟು ಬೇಗ ಮುಗಿದದ್ದರಿಂದಲೇ ಅದರ ಹಿಂದೆ ಇದ್ದ ವಸ್ತುಗಳು ಭಾರಿ ತೂಕದವು ಅಂತ ಗೊತ್ತಾಗುತ್ತದೆ. M 30 ಇರಬೇಕಾದರೆ ಎರಡೂ ಸೇರಿ ಸೂರ್ಯನ ಸುಮಾರು 70 ಪಟ್ಟು ತೂಕವಾದರೂ ಬೇಕು.

ಕೊನೆಯ ಹೆಜ್ಜೆ ಗಾತ್ರದ್ದು. ಅಲೆ ತುಂಬಾ ಜೋರಾಗಿದ್ದಾಗ ಅದರ ಆವರ್ತನ 150 ಹರ್ಟ್ಸ್, ಅಂದರೆ ಆ ಜೋಡಿ ಸೆಕೆಂಡಿಗೆ 75 ಸುತ್ತು ಹೊಡೆಯುತ್ತಿತ್ತು. 70 ಸೂರ್ಯರ ತೂಕ ಸೆಕೆಂಡಿಗೆ 75 ಸುತ್ತು ಹೊಡೆಯಬೇಕಾದರೆ ನಡುವಿನ ದೂರ ಎಷ್ಟಿರಬೇಕು? ಶಾಲೆಯಲ್ಲಿ ಓದಿದ ಕೆಪ್ಲರ್ ನಿಯಮ ಹಾಕಿದರೆ ಸುಮಾರು 350 ಕಿ.ಮೀ. ಸೂರ್ಯನೊಂದರದೇ ಅಡ್ಡಗಲ 14 ಲಕ್ಷ ಕಿ.ಮೀ. ಇಲ್ಲಿ 70 ಸೂರ್ಯರ ತೂಕ ಇಷ್ಟು ಕಡಿಮೆ ಜಾಗದಲ್ಲಿ ಒಂದಕ್ಕೊಂದು ತಾಗದೆ ತಿರುಗುತ್ತಿದೆ. ಮಾಮೂಲಿ ನಕ್ಷತ್ರಗಳಿಗೆ ಇದು ಸಾಧ್ಯವೇ ಇಲ್ಲ. ನ್ಯೂಟ್ರಾನ್ ನಕ್ಷತ್ರಗಳು ಅಷ್ಟು ಚಿಕ್ಕವು ನಿಜ, ಆದರೆ ಅವಕ್ಕೆ ಅಷ್ಟು ತೂಕ ಇರಲಾರದು. ಒಂದು ನ್ಯೂಟ್ರಾನ್ ನಕ್ಷತ್ರ, ಒಂದು ಕಪ್ಪುಕುಳಿ ಅಂದರೂ ಹೊಂದುವುದಿಲ್ಲ. M 30 ಬರಬೇಕಾದರೆ ಆ ಕಪ್ಪುಕುಳಿ ತುಂಬಾ ದೊಡ್ಡದಾಗಿರಬೇಕು, ಆಗ ಆವರ್ತನ ಇಷ್ಟು ಮೇಲೆ ಏರುವ ಮೊದಲೇ ಎರಡೂ ಸೇರಿಹೋಗುತ್ತಿದ್ದವು. ಉಳಿಯುವುದು ಎರಡು ಕಪ್ಪುಕುಳಿ ಮಾತ್ರ.

ಇಷ್ಟು ಕೈಲೆಕ್ಕ. ನಿಜವಾಗಿ ತೂಕ ಕಂಡುಹಿಡಿಯುವಾಗ ಐನ್‌ಸ್ಟೈನ್ ಸಮೀಕರಣಗಳಿಂದ ಮೊದಲೇ ಲೆಕ್ಕ ಹಾಕಿಟ್ಟ ಸಾವಿರಾರು ಆಕಾರಗಳನ್ನು ದಾಖಲೆಯ ಮೇಲಿಟ್ಟು ನೋಡುತ್ತಾರೆ. ಈ ಲೆಕ್ಕದಲ್ಲಿ ಬೆಂಗಳೂರಿನವರ ಪಾಲು ದೊಡ್ಡದು. ಹತ್ತಿರ ಬರುತ್ತಿರುವ ಜೋಡಿಯ ಅಲೆಯನ್ನು ಹಂತಹಂತವಾಗಿ ನಿಖರಗೊಳಿಸಿದವರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಲ ಅಯ್ಯರ್ ಒಬ್ಬರು. ಸೇರಿದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನಲ್ಲೇ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರನ್ನು ನೆನೆಯಬೇಕು. ಜವಾಹರಲಾಲ್ ನೆಹರು ತಾರಾಲಯದ ಮೊದಲ ನಿರ್ದೇಶಕರು ಅವರು. ಕಪ್ಪುಕುಳಿಯ ಮೇಲೆ ಗುರುತ್ವದ ಅಲೆ ಎಸೆದರೆ ಏನು ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿ 1970ರಲ್ಲಿ ಪ್ರಕಟಿಸಿದರು. ಕಪ್ಪುಕುಳಿ ತನ್ನದೇ ಸ್ವರದಲ್ಲಿ ಮಿಡಿದು ಬೇಗ ಶಾಂತವಾಗುತ್ತದೆ, ಆ ಸ್ವರ ಅದರ ತೂಕವನ್ನು ಹೇಳುತ್ತದೆ ಅನ್ನುವುದು ಅದರಿಂದ ತಿಳಿಯಿತು. GW150914ರ ಕೊನೆಯಲ್ಲಿ ಇರುವುದು ಆ ಮಿಡಿತವೇ: ಸುಮಾರು 250 ಹರ್ಟ್ಸ್, ನಾಲ್ಕು ಮಿಲಿಸೆಕೆಂಡಿನಷ್ಟರಲ್ಲಿ ಸಣ್ಣಗಾಗುತ್ತದೆ. ಅದು ಹುಟ್ಟಿಕೊಂಡ ಹೊಸ ಕಪ್ಪುಕುಳಿಯದು. ವಿಶ್ವೇಶ್ವರ 2017ರ ಜನವರಿಯಲ್ಲಿ ತೀರಿಕೊಂಡರು. ತಮ್ಮ ಲೆಕ್ಕದಲ್ಲಿ ಕಂಡದ್ದು ದಾಖಲೆಯಲ್ಲೂ ಬಂದದ್ದನ್ನು ಅವರು ನೋಡಿದರು ಅನ್ನುವುದು ನನಗೆ ಸಮಾಧಾನ ಕೊಡುವ ವಿಷಯ.

ಹೊಂದಿದ ಆಕಾರದಿಂದ ಬಂದ ಉತ್ತರ ಇದು: ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಸೇರಿ 62 ಪಟ್ಟಿನ ಒಂದಾದವು. ಉಳಿದ 3 ಸೂರ್ಯರ ತೂಕ ಅಲೆಯಾಗಿ ಹೋಯಿತು. ಮೇಲೆ 70 ಅಂದಿದ್ದೆ, ಇಲ್ಲಿ 65 ಆಗಿದೆ. ಯಾಕೆ ಅಂದರೆ, ಅಲೆ ಇಲ್ಲಿಗೆ ಬರುವ ದಾರಿಯಲ್ಲಿ ವಿಶ್ವ ಹಿಗ್ಗುತ್ತಿದ್ದುದರಿಂದ ಅದರ ಆವರ್ತನ ಸುಮಾರು ಶೇ. 8ರಷ್ಟು ಕುಗ್ಗಿರುತ್ತದೆ, ನಮಗೆ ವಸ್ತುಗಳು ಸುಮಾರು ಶೇ. 9ರಷ್ಟು ಜಾಸ್ತಿ ತೂಕದವಾಗಿ ಕಾಣುತ್ತವೆ. ಅದನ್ನು ಕಳೆಯಬೇಕು.

ಯಂತ್ರಕ್ಕೆ ಎಲ್ಲವೂ ಇಷ್ಟು ಚೆನ್ನಾಗಿ ಗೊತ್ತಾಗುವುದಿಲ್ಲ. ದೂರದ ವಿಷಯ ನೋಡಿ. ತೂಕ ಗೊತ್ತಾದ ಮೇಲೆ ಅಲೆ ಹುಟ್ಟಿದ ಜಾಗದಲ್ಲಿ ಎಷ್ಟು ಜೋರಾಗಿತ್ತು ಅಂತ ಲೆಕ್ಕ ಹಾಕಬಹುದು, ಇಲ್ಲಿಗೆ ಎಷ್ಟು ಬಂತು ಅನ್ನುವುದರಿಂದ ದೂರ ಸಿಗುತ್ತದೆ. ಆದರೆ ಆ ಜೋಡಿಯ ಸುತ್ತುವ ತಟ್ಟೆ ನಮ್ಮ ಕಡೆ ಮುಖ ಮಾಡಿದ್ದರೆ ಅಲೆ ಜೋರು, ಅಂಚು ತೋರಿಸಿದ್ದರೆ ಮೆತ್ತಗೆ. ದೂರದಲ್ಲಿ ಮುಖ ಮಾಡಿದ್ದೂ ಹತ್ತಿರದಲ್ಲಿ ಓರೆಯಾಗಿರುವುದೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅದಕ್ಕೇ GW150914ರ ದೂರ 130 ಕೋಟಿ ಜ್ಯೋತಿರ್ವರ್ಷ ಅಂತ ಬರೆದರೂ ಅದು 75 ಕೋಟಿಯಿಂದ 185 ಕೋಟಿಯವರೆಗೆ ಎಲ್ಲಿ ಬೇಕಾದರೂ ಇರಬಹುದು.

ದಿಕ್ಕಿನದೂ ಅದೇ ಕಥೆ. 10 ಮಿಲಿಸೆಕೆಂಡಿನಲ್ಲಿ 6.9 ಅಂದರೆ ಅಲೆ ಬಂದ ದಿಕ್ಕು ಎರಡು ಯಂತ್ರಗಳನ್ನು ಸೇರಿಸುವ ಗೆರೆಗೆ ಸುಮಾರು 46 ಡಿಗ್ರಿ ಓರೆ. ಆದರೆ 46 ಡಿಗ್ರಿ ಓರೆಯಾದ ದಿಕ್ಕು ಒಂದಲ್ಲ, ಆಕಾಶದಲ್ಲಿ ಒಂದು ಇಡೀ ಬಳೆಯಷ್ಟಿದೆ. ಅಲೆಯ ಎತ್ತರ, ಆಕಾರ ಎಲ್ಲ ಸೇರಿಸಿ ನೋಡಿದರೂ ಸುಮಾರು 600 ಚದರ ಡಿಗ್ರಿ ಉಳಿಯಿತು, ದೂರದರ್ಶಕ ಇಟ್ಟು ಹುಡುಕಲು ಆಗದಷ್ಟು ದೊಡ್ಡದು. ಮೂರನೇ ಯಂತ್ರ ಇದ್ದರೆ ಇನ್ನೊಂದು ಬಳೆ ಸಿಗುತ್ತದೆ, ಎರಡು ಬಳೆಗಳು ಕತ್ತರಿಸುವ ಜಾಗ ಚಿಕ್ಕದು. 2017ರ ಆಗಸ್ಟ್ 14ರಂದು ಇಟಲಿಯ ವರ್ಗೋ ಕೂಡ ಜೊತೆಗಿದ್ದಾಗ ಸಿಕ್ಕ ಕಪ್ಪುಕುಳಿ ಜೋಡಿಯ ಜಾಗ ಸುಮಾರು 60 ಚದರ ಡಿಗ್ರಿಗೆ ಇಳಿಯಿತು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದಲ್ಲಿ ಲೈಗೋ ಇಂಡಿಯಾ ಕಟ್ಟಲು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಮೆರಿಕ, ಯುರೋಪಿನಿಂದ ಅಷ್ಟು ದೂರದಲ್ಲಿ ಇನ್ನೊಂದು ಯಂತ್ರ ನಿಂತರೆ ಬಳೆಗಳು ಇನ್ನೂ ಚೆನ್ನಾಗಿ ಅಡ್ಡಡ್ಡ ಹಾಯುತ್ತವೆ, ಅಲೆ ಎಲ್ಲಿಂದ ಬಂತು ಅನ್ನುವುದನ್ನು ದೂರದರ್ಶಕದವರಿಗೆ ಬೆರಳಿಟ್ಟು ತೋರಿಸಬಹುದು.